ಹದಿನೇಳು ಸುತ್ತು, ಹದಿನೇಳು ಹುಣಸೆ ಬೀಜ

ನಾನಿರೋದು ಹೊಸೂರು. ಸಿಪ್ಕಾಟ್ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಮೆಷಿನಿಂಗ್ ಕಂಪ್ನೀಲಿ ಕ್ವಾಲಿಟಿ ಇನ್ಸ್‌ಪೆಕ್ಟರ್ ಕೆಲ್ಸ. ತಿಂಗಳಲ್ಲಿ ಎರಡು ವಾರ ಥರ್ಡ್ ಶಿಫ್ಟ್, ಅಂದ್ರೆ ರಾತ್ರಿ 10ರಿಂದ ಬೆಳಗ್ಗೆ 6. ಶಾಫ್ಟ್ ಬರುತ್ತೆ, ಮೈಕ್ರೋಮೀಟರ್ ಹಾಕ್ತೀನಿ, 0.01 ಮಿಲಿಮೀಟರ್ ಆಚೆ ಈಚೆ ಇದ್ರೆ ಪಕ್ಕಕ್ಕಿಡ್ತೀನಿ, ಬೆಳಗಾಗೋವರ್ಗೂ ಅದೇ. ಇದನ್ನ ಮೊದ್ಲೇ ಯಾಕೆ ಹೇಳ್ತಿದೀನಿ ಅಂದ್ರೆ, ರಾತ್ರಿಯೆಲ್ಲಾ ಕೂದಲೆಳೆ ಲೆಕ್ಕದಲ್ಲಿ ಅಳತೆ ಮಾಡೋ ಮನುಷ್ಯ ಬೆಳಗ್ಗೆ ಪಾರ್ಕಲ್ಲಿ ನಾಲ್ಕು ತಿಂಗಳು ದಿನಕ್ಕೆ ಒಂದು ಕಿಲೋಮೀಟ್ರು ಹತ್ರತ್ರ ತಪ್ಪು ಲೆಕ್ಕ ಹಾಕ್ಕೊಂಡು ನಡೆದಿದಾನೆ, ಆ ಕಥೆ ಇದು.

ಶುರು ಆಗಿದ್ದು ಬ್ಲಡ್ ಟೆಸ್ಟಿಂದ. HbA1c 6.1 ಬಂತು. 5.7ರಿಂದ 6.4ರ ಒಳಗಿದ್ರೆ ಬಾರ್ಡರ್ ಅಂತಾರೆ, ಶುಗರ್ ಇನ್ನೂ ಮನೆ ಒಳಗೆ ಬಂದಿಲ್ಲ ಆದ್ರೆ ಜಗಲಿ ಮೇಲೆ ಕೂತಿದೆ ಅನ್ನೋ ಹಾಗೆ. ಡಾಕ್ಟ್ರು ದಿನಾ 5 ಕಿಲೋಮೀಟ್ರು ನಡೀರಿ ಅಂದ್ರು. ರೋಡಲ್ಲಿ ನಡೆಯೋಣ ಅಂದ್ರೆ ನಮ್ಮ ಕಡೆ ಶಿಫ್ಟ್ ಬಿಡೋ ಹೊತ್ತಿಗೆ ಕಂಪ್ನಿ ಬಸ್ಸು, ಲಾರಿ, ಬೈಕು ಎಲ್ಲಾ ಒಟ್ಟಿಗೆ ಮೈಮೇಲೆ ಬರ್ತಾವೆ. ಹಂಗಾಗಿ ನಮ್ಮ ಲೇಔಟ್ ಪಾರ್ಕೇ ಗತಿ. ಪುಟ್ಟ ಪಾರ್ಕು, ಸುತ್ತ ಇಂಟರ್‌ಲಾಕ್ ಕಲ್ಲು ಹಾಸಿದ ದಾರಿ, ಗೇಟ್ ಹತ್ರ ಒಂದು ಬೇವಿನ ಮರ, ಒಂದು ಮೂಲೇಲಿ ನೀರಿನ ಟ್ಯಾಂಕು. ಮೊದಲನೇ ದಿನ ವಾಚ್‌ಮನ್ ಅಣ್ಣನ್ನ ಕೇಳ್ದೆ, 5 ಕಿಲೋಮೀಟ್ರಿಗೆ ಎಷ್ಟು ರೌಂಡು ಹಾಕ್ಬೇಕಣ್ಣ ಅಂತ. "ಪದಿನಾಲು ಸಾರ್" ಅಂದ. ಬೆಂಚ್ ಮೇಲೆ ಕೂತಿದ್ದ ಇಬ್ರೂ ಹೌದೌದು ಹದಿನಾಲ್ಕೇ ಅಂದ್ರು. ಸರಿ ಅಂತ ಹದಿನಾಲ್ಕು ಹಾಕಕ್ಕೆ ಶುರು ಮಾಡ್ದೆ. ಯಾರು ಅಳೆದಿದ್ದು, ಯಾವಾಗ, ಯಾವ ಟೇಪಲ್ಲಿ ಅಂತ ನಾನು ಕೇಳ್ಲಿಲ್ಲ. ಕಂಪ್ನೀಲಿ ಕ್ಯಾಲಿಬ್ರೇಶನ್ ಸ್ಟಿಕ್ಕರ್ ಇಲ್ದೆ ಒಂದು ಗೇಜ್ ಮುಟ್ಟಲ್ಲ ನಾನು!

ಅನುಮಾನ ಬಂದಿದ್ದು ಫೋನಿಂದ. ಅದ್ರಲ್ಲಿ ಒಂದು ನಡಿಗೆ ಆಪ್ ಇತ್ತು, ಹದಿನಾಲ್ಕು ರೌಂಡಿಗೆ ಒಂದಿನ 4.31 ತೋರ್ಸುತ್ತೆ, ಒಂದಿನ 3.88, ಒಂದಿನ 4.62. ಒಂದಿನಾನೂ 5 ತೋರ್ಸಲ್ಲ. ನಾನು ಫೋನನ್ನೇ ಬೈಕೊಂಡೆ. ಫೋನ್ ತಪ್ಪು ಅನ್ನೋದು ಅರ್ಧ ನಿಜಾನೂ ಹೌದು, ಅದು ಕೆಲವು ಸೆಕೆಂಡಿಗೆ ಒಂದು ಸಲ ನಾವು ಎಲ್ಲಿದೀವಿ ಅಂತ ಚುಕ್ಕೆ ಇಟ್ಟು ಚುಕ್ಕೆಯಿಂದ ಚುಕ್ಕೆಗೆ ನೇರ ಗೆರೆ ಎಳೀತದೆ, ಉದ್ದ ರೋಡಲ್ಲಿ ಇದು ಪರವಾಗಿಲ್ಲ, ಆದ್ರೆ ಚಿಕ್ಕ ಪಾರ್ಕಲ್ಲಿ ನಿಮಿಷಕ್ಕೊಂದು ತಿರುವು, ನಾವು ಮೂಲೆ ಸುತ್ಕೊಂಡು ಹೋಗ್ತೀವಿ, ಅದು ಮೂಲೆ ಕತ್ತರಿಸ್ಕೊಂಡು ಹೋಗುತ್ತೆ. ಮರದ ಕೆಳಗೆ ಹೋದಾಗ ಸಿಗ್ನಲ್ ಅಲ್ಲಾಡಿ ಚುಕ್ಕೆ ಅಡ್ಡಾದಿಡ್ಡಿ ಬೀಳುತ್ತೆ, ಆಗ ದೂರ ಜಾಸ್ತಿನೂ ಆಗುತ್ತೆ. ಮ್ಯಾಪ್ ತೆಗ್ದು ನೋಡಿದ್ರೆ ನಾನು ಟ್ಯಾಂಕ್ ಹತ್ತಿ ಇಳಿದು ಪಕ್ಕದ ಮನೆ ಕಾಂಪೌಂಡ್ ಒಳಗೆಲ್ಲಾ ಹೋಗಿ ಬಂದಿದೀನಿ. ಆದ್ರೂ ಒಂದು ಮಾತು, ನಿಜವಾಗ್ಲೂ 5 ಇದ್ದಿದ್ರೆ ಒಂದಿನ ಕಮ್ಮಿ ಒಂದಿನ ಜಾಸ್ತಿ ಬರ್ಬೇಕಿತ್ತು. ಯಾವಾಗ್ಲೂ ಕಮ್ಮಿನೇ ಬರ್ತಿದೆ ಅಂದ್ರೆ ಅದು ಫೋನಿನ ಅಲ್ಲಾಟ ಅಷ್ಟೇ ಅಲ್ಲ, ಎಲ್ಲೋ ಮೂಲದಲ್ಲೇ ತಪ್ಪಿದೆ. ಲೈನಲ್ಲಿ ಹತ್ತು ಶಾಫ್ಟೂ ಒಂದೇ ಕಡೆ ಸೈಜ್ ಹೋಗ್ತಿದ್ರೆ ನಾವು ಆಪರೇಟರ್‌ನ ಬೈಯಲ್ಲ, ಸೆಟ್ಟಿಂಗ್ ನೋಡ್ತೀವಿ.

ಒಂದು ಭಾನುವಾರ ಗೊತ್ತಿರೋ ಮೇಸ್ತ್ರಿ ಹತ್ರ 30 ಮೀಟ್ರು ಟೇಪ್ ಇಸ್ಕೊಂಡು ಬಂದೆ. ಮಗಳು ಏಳನೇ ಕ್ಲಾಸು, ಅವಳು ಒಂದು ತುದಿ ಹಿಡ್ಕೊಂಡ್ಳು. ದಾರಿಯ ಒಳಗಡೆ ಕರ್ಬ್ ಕಲ್ಲಿನ ಅಂಚಿಗೆ ಟೇಪ್ ಹಿಡ್ಕೊಂಡು ಹೋಗೋದು, ಟೇಪ್ ಮುಗಿದಲ್ಲಿ ಸೀಮೆಸುಣ್ಣದಲ್ಲಿ ಗೆರೆ ಹಾಕೋದು, ಅಲ್ಲಿಂದ ಮತ್ತೆ. ನೇರ ಜಾಗದಲ್ಲಿ ಸುಲಭ. ಮೂಲೆಗಳಲ್ಲಿ ಕರ್ಬ್ ದುಂಡಗಿದೆ, ಅಲ್ಲಿ ಟೇಪನ್ನ ಈ ಕಡೆಯಿಂದ ಆ ಕಡೆಗೆ ನೆಟ್ಟಗೆ ಎಳೆದ್ರೆ ಫೋನ್ ಮಾಡಿದ ತಪ್ಪನ್ನೇ ನಾವೂ ಮಾಡ್ದಂಗೆ. ನಮ್ಮ ಪಾರ್ಕಿನ ಮೂಲೆ ಸುಮಾರು 8 ಮೀಟ್ರು ತ್ರಿಜ್ಯದ ಕಾಲು ವೃತ್ತ, ಸುತ್ಕೊಂಡು ಹೋದ್ರೆ ಹನ್ನೆರಡೂವರೆ ಮೀಟ್ರು, ಅಡ್ಡ ಎಳೆದ್ರೆ ಹನ್ನೊಂದೂಕಾಲು. ಒಂದು ಮೂಲೆಗೆ ಒಂದೂಕಾಲು ಮೀಟ್ರು ಹೋಯ್ತು, ನಾಲ್ಕು ಮೂಲೆಗೆ 5 ಮೀಟ್ರು. ಅದಕ್ಕೆ ಮೂಲೇಲಿ ಮೂರ್‌ಮೂರು ಮೀಟ್ರಿಗೆ ಗೆರೆ ಹಾಕ್ಕೊಂಡು ತುಂಡು ತುಂಡಾಗಿ ಅಳೆದ್ವಿ, ಹಂಗೆ ಮಾಡಿದ್ರೆ ತಪ್ಪು ಒಂದು ತುಂಡಿಗೆ 2 ಸೆಂಟಿಮೀಟ್ರೂ ಬರಲ್ಲ. ವಾಚ್‌ಮನ್ ಅಣ್ಣ ಬಂದು ಏನ್ ಸಾರ್ ಕಾರ್ಪೊರೇಶನ್ನಿಂದ ಬಂದಿದೀರಾ ಅಂತ ನಗಾಡ್ದ.

ಬಂದಿದ್ದು 288.4 ಮೀಟ್ರು. ನಾವೇನು ಕರ್ಬ್ ಮೇಲೆ ನಡೆಯಲ್ವಲ್ಲ, ಒಂದಡಿ ಆಚೆ ನಡೀತೀವಿ, ಓಟದ ಟ್ರ್ಯಾಕಲ್ಲೂ ಒಳಗಿನ ಕರ್ಬಿಂದ 30 ಸೆಂಟಿಮೀಟ್ರು ಬಿಟ್ಟೇ ಮೊದಲನೇ ಲೇನಿನ 400 ಮೀಟ್ರು ಅಳೆಯೋದು. ಅದನ್ನ ಸೇರ್ಸಿದ್ರೆ ಒಂದು ಸುತ್ತಿಗೆ 290 ಮೀಟ್ರು ಚಿಲ್ರೆ. ಚಿಲ್ರೆ ಬಿಟ್ಟು ಹದಿನಾಲ್ಕಕ್ಕೆ ಗುಣಿಸಿದ್ರೆ 4,060. ಐದು ಕಿಲೋಮೀಟ್ರಿಗೆ 940 ಮೀಟ್ರು ಕಮ್ಮಿ!

ಮಗಳು ಬೆಂಚ್ ಮೇಲೆ ಕೂತು ಲೆಕ್ಕ ಹಾಕಿದ್ಳು, ನಾಲ್ಕು ತಿಂಗಳು, ರಜಾ ಮಳೆ ಎಲ್ಲಾ ಕಳೆದು ನೂರು ದಿನ ಅಂತ ಇಟ್ಕೊಂಡ್ರೂ 94 ಕಿಲೋಮೀಟ್ರು. "ಅಪ್ಪಾ, ಬೆಂಗಳೂರಿಗೆ ಹೋಗಿ ವಾಪಸ್ ಬಂದ್ರೂ ಇನ್ನೂ ಮಿಗುತ್ತೆ." ನನಗೆ ನಿಜವಾಗ್ಲೂ ಹೊಟ್ಟೆ ಉರೀತು.

ಹದಿನಾಲ್ಕು ಎಲ್ಲಿಂದ ಬಂತು ಅಂತ ಆಮೇಲೆ ಗೊತ್ತಾಯ್ತು. ಮೊದ್ಲು ದಾರಿ ನೀರಿನ ಟ್ಯಾಂಕ್ ಹಿಂದಿನಿಂದ ಸುತ್ಕೊಂಡು ಬರ್ತಿತ್ತಂತೆ. ಆಮೇಲೆ ಅಲ್ಲಿ ಬೋರ್‌ವೆಲ್ ಕೊರೆಸಿ ಮೋಟರ್ ರೂಮ್ ಕಟ್ಟಿ ತಂತಿ ಬೇಲಿ ಹಾಕಿದ್ರು, ದಾರೀನ ಟ್ಯಾಂಕ್ ಮುಂದಿನಿಂದ್ಲೇ ತಿರುಗಿಸಿದ್ರು. ಸುತ್ತು 67 ಮೀಟ್ರು ಚಿಕ್ಕದಾಯ್ತು. ಬಾಯಲ್ಲಿದ್ದ ಹದಿನಾಲ್ಕು ಮಾತ್ರ ಹಂಗೇ ಉಳ್ಕೊಂತು.

ಹೊಸ ಲೆಕ್ಕ ಹದಿನೇಳು. ಚಿಲ್ರೆನೂ ಸೇರಿ ಹದಿನೇಳು ಸುತ್ತಿಗೆ 4,935 ಮೀಟ್ರು, ಮಿಕ್ಕ 65 ಮೀಟ್ರು ಪಾರ್ಕ್ ಗೇಟಿಂದ ಟೀ ಅಂಗಡಿವರೆಗೆ ಆಗುತ್ತೆ, ಅದನ್ನೂ ಅಳೆದೆ ಬಿಡಿ. ನನ್ನ ಹೆಂಡ್ತಿ ಇದನ್ನ ಕೇಳಿ ಟೀ ಕುಡಿಯಕ್ಕೂ ಒಂದು ಕಾರಣ ಅಳೆದು ಇಟ್ಕೊಂಡಿದೀರಾ ಅಂದ್ಳು.

ಇಲ್ಲಿಗೆ ಮುಗೀತು ಅಂದ್ಕೊಂಡಿದ್ದೆ. ದೂರದ ತಲೆನೋವು ಹೋಯ್ತು, ಎಣಿಕೆ ತಲೆನೋವು ಶುರು ಆಯ್ತು.

ನೈಟ್ ಶಿಫ್ಟ್ ಮಾಡ್ದೋರಿಗೆ ಗೊತ್ತಿರುತ್ತೆ, ಬೆಳಗಿನ ಜಾವ ನಾಲ್ಕು ಐದರ ಹೊತ್ತು ಅಂದ್ರೆ ಮೈ ತಣ್ಣಗಾಗಿ ತಲೆ ಮೊಸರು ಮೊಸರಾಗಿರುತ್ತೆ, ಆರಕ್ಕೆ ಪಂಚ್ ಮಾಡಿ ಆಚೆ ಬಂದ ಮೇಲೂ ಆ ಮಂಪರು ಪೂರ್ತಿ ಹೋಗಿರಲ್ಲ. ಕಾಲು ತಾನಾಗೇ ನಡೆಯುತ್ತೆ, ತಲೆ ಎಲ್ಲೋ ಇರುತ್ತೆ. ಹದಿನಾಲ್ಕು ಎಣಿಸೋದೇ ಕಷ್ಟ ಇತ್ತು, ಹದಿನೇಳು ಇನ್ನೂ ಕಷ್ಟ. ಅದ್ರ ಮೇಲೆ ನಮ್ಮೂರಲ್ಲಿ ಇನ್ನೊಂದು ತೊಂದ್ರೆ ಇದೆ, ಬೇರೆ ಕಡೆ ಇರಲ್ಲ. ನಾನು ಮನಸ್ಸಲ್ಲಿ ಕನ್ನಡದಲ್ಲಿ ಎಣಿಸ್ತಿರ್ತೀನಿ, ಎದುರಿಗೆ ಬರೋ ಅಜ್ಜಿ ಬಾಯಿಬಿಟ್ಟು ತೆಲುಗಲ್ಲಿ ಎಣಿಸ್ತಿರ್ತಾರೆ, ವಾಚ್‌ಮನ್ ಅಣ್ಣ ತಮಿಳಲ್ಲಿ "ಎತ್ತನೆ ರೌಂಡು ಸಾರ್?" ಅಂತಾನೆ. ಆರು ಅಂದ್ರೆ ಮೂರು ಭಾಷೇಲೂ ಆರೇ. ಅಜ್ಜಿ ಆರು ಅಂದ್ರು ಅಂದ್ರೆ ಮುಗೀತು, ನಾನು ಹತ್ತರಲ್ಲಿದ್ರೂ ಮುಂದಿನ ಸುತ್ತಿಗೆ ನನ್ನ ಬಾಯಲ್ಲಿ ಏಳು ಅಂತ ಬರುತ್ತೆ. ಏಳು ಅಂತ ಬಂದಾಗ ನಿದ್ದೆಗಣ್ಣಲ್ಲಿ ಯಾರೋ ನನ್ನ ಎಬ್ಬಿಸಿದಂಗೆ ಬೇರೆ ಆಗುತ್ತೆ.

ಮೊದ್ಲು ಬೆರಳ ಗೆಣ್ಣು ಹಿಡ್ಕೊಂಡೆ. ಹೆಬ್ಬೆರಳಲ್ಲಿ ಮಿಕ್ಕ ನಾಲ್ಕು ಬೆರಳಿನ ಗೆಣ್ಣು ಮುಟ್ಟಿದ್ರೆ ಹನ್ನೆರಡು, ಆಮೇಲೆ ಐದು. ಜಪ ಮಾಡೋರಿಗೆ ಇದು ಸರಿಹೋಗುತ್ತೆ, ಅವರು ಒಂದು ಕಡೆ ಕೂತಿರ್ತಾರೆ. ನಾನು ಮೂರೂವರೆ ನಿಮಿಷಕ್ಕೆ ಒಂದು ಸಲ ಬೆರಳು ಸರಿಸ್ಬೇಕು, ನಡುವೆ ಮೂಗು ಒರೆಸ್ಕೋತೀನಿ, ಫೋನ್ ತೆಗೀತೀನಿ, ಸೊಳ್ಳೆ ಹೊಡೀತೀನಿ. ಹೆಬ್ಬೆರಳು ಯಾವ ಗೆಣ್ಣಲ್ಲಿತ್ತು ಅನ್ನೋದು ಮರ್ತೋಗುತ್ತೆ.

ಅಮ್ಮ ಹೇಳಿದ್ದು ಹುಣಸೆ ಬೀಜದ ಉಪಾಯ. ಅಮ್ಮ ಹಿಂದೆ ಹರಕೆ ಹೊತ್ಕೊಂಡು ಅಶ್ವತ್ಥಕಟ್ಟೆಗೆ 108 ಸುತ್ತು ಹಾಕ್ತಿದ್ರು, 108 ಅವರೆಕಾಳು ಸೆರಗಲ್ಲಿ ಕಟ್ಕೊಂಡು ಸುತ್ತಿಗೊಂದು ಕಟ್ಟೆ ಮೇಲೆ ಇಡ್ತಿದ್ರು. ನನಗೆ ಹದಿನೇಳು ಹುಣಸೆ ಬೀಜ ತೊಳೆದು ಒಣಗಿಸಿ ಕೊಟ್ರು. ಎಡಗಡೆ ಜೇಬಿಂದ ಬಲಗಡೆ ಜೇಬಿಗೆ, ಬೇವಿನ ಮರ ದಾಟ್ದಾಗ ಒಂದು. ನುಣ್ಣಗಿರುತ್ತೆ, ಬೆರಳಿಗೆ ಸಿಗುತ್ತೆ, ಅವರೆಕಾಳಿನ ಥರ ಜೇಬಿನ ಹೊಲಿಗೇಲಿ ಸಿಕ್ಕಾಕ್ಕೊಳಲ್ಲ.

ಒಂದು ವಾರ ಆದ್ಮೇಲೆ ಮೇಷ್ಟ್ರು ಒಂದು ತಪ್ಪು ಹಿಡಿದ್ರು. ಮೇಷ್ಟ್ರು ಅಂದ್ರೆ ಪಾರ್ಕಿಗೆ ಬರೋ ರಿಟೈರ್ಡ್ ಲೆಕ್ಕದ ಮೇಷ್ಟ್ರು, ಎಪ್ಪತ್ತು ದಾಟಿದೆ. ಎಲ್ಲರೂ ಪ್ರದಕ್ಷಿಣೆ ಹಾಕೋ ದಿಕ್ಕಲ್ಲಿ ನಡೆದ್ರೆ ಅವರೊಬ್ರು ಉಲ್ಟಾ ಬರ್ತಾರೆ. ಯಾಕೆ ಸಾರ್ ಅಂದ್ರೆ "ಎಲ್ಲರ ಬೆನ್ನು ನೋಡ್ಕೊಂಡು ನಡೆಯೋದೇನು, ಮುಖ ನೋಡ್ಕೊಂಡು ನಡೀಬೇಕಪ್ಪ" ಅಂತಾರೆ. ಅವರು ಕೇಳಿದ್ರು, ಮೊದಲನೇ ಬೀಜ ಯಾವಾಗ ಬದಲಾಯಿಸ್ತೀಯ? ಹೊರಡುವಾಗ, ಅಂದೆ. ಕೊನೇ ಬೀಜ? ಹದಿನೇಳನೇದು ಬಲಕ್ಕೆ ಹೋದ ತಕ್ಷಣ ಮುಗೀತು ಅಂತ ಗೇಟ್ ಕಡೆ ತಿರುಗ್ತೀನಿ, ಅಂದೆ. ಮೇಷ್ಟ್ರು ಸುಮ್ನೆ ನನ್ನ ಮುಖ ನೋಡಿದ್ರು. ಹೊರಡುವಾಗ್ಲೇ ಒಂದು ಬೀಜ ಹಾಕಿದ್ರೆ ಕೊನೇ ಬೀಜ ಹಾಕೋ ಹೊತ್ತಿಗೆ ಆಗಿರೋದು ಹದಿನಾರು ಸುತ್ತು, ಹದಿನೇಳನೇದು ಇನ್ನೂ ಕಾಲ ಕೆಳಗಿದೆ. ಬೇಲಿ ಕಂಬಕ್ಕೂ ಕಂಬದ ನಡುವಿನ ಜಾಗಕ್ಕೂ ಇರೋ ವ್ಯತ್ಯಾಸ ಇದು. ಅವತ್ತಿಂದ ಸುತ್ತು ಮುಗಿಸಿ ಮರ ಮುಟ್ಟಿದ ಮೇಲೇನೇ ಬೀಜ.

ಬೀಜಕ್ಕೂ ಒಂದು ಮಿತಿ ಇದೆ. ಮರದ ಹತ್ರ ಬಂದಾಗ ಯಾರಾದ್ರೂ ಮಾತಾಡ್ಸಿದ್ರೆ, ಬೀಜ ಹಾಕಿದ್ನಾ ಇಲ್ವಾ ಅಂತ ಹತ್ತು ಹೆಜ್ಜೆ ಮುಂದೆ ಹೋದ ಮೇಲೆ ಅನುಮಾನ. ಅನುಮಾನಕ್ಕೆ ಒಂದು ಹಾಕ್ತೀನಿ, ಅದು ಎರಡನೇದಾಗಿರುತ್ತೆ. ಹಂಗಾಗಿ ಕೈಗಡಿಯಾರದ ಸ್ಟಾಪ್‌ವಾಚ್ ಸೇರ್ಸ್ಕೊಂಡೆ. ಮೊದ್ಲು ಒಟ್ಟು ಟೈಮ್ ನೋಡಿ ಲೆಕ್ಕ ಹಿಡೀಬೋದು ಅಂದ್ಕೊಂಡೆ, ಅದು ಆಗಲ್ಲ. ಚೆನ್ನಾಗಿ ನಿದ್ದೆ ಆದ ದಿನ ನನ್ನ ಸುತ್ತು 3 ನಿಮಿಷ 25 ಸೆಕೆಂಡು, ನೈಟ್ ಮುಗಿಸ್ಕೊಂಡು ಬಂದ ದಿನ 3:45. ಸುತ್ತಿಗೆ 20 ಸೆಕೆಂಡು ಅಂದ್ರೆ ಹದಿನೇಳಕ್ಕೆ ಐದೂವರೆ ನಿಮಿಷದ ಮೇಲೆ, ಅದು ಒಂದು ಸುತ್ತಿಗಿಂತ ಜಾಸ್ತಿ. ಹಂಗಿದ್ಮೇಲೆ ಟೈಮ್ ಜಾಸ್ತಿ ಆಗಿದ್ದು ಸುಸ್ತಿಗೋ ಒಂದು ಸುತ್ತು ಎಕ್ಸ್‌ಟ್ರಾ ಹಾಕಿದ್ದಕ್ಕೋ ಹೇಳಕ್ಕಾಗಲ್ಲ. ಐದೈದು ಸುತ್ತಿಗೆ ಟೈಮ್ ನೋಡಿದ್ರೆ ಸರಿಯಾಗಿ ಗೊತ್ತಾಗುತ್ತೆ, ಯಾಕಂದ್ರೆ ಒಂದೇ ದಿನದಲ್ಲಿ ನಡಿಗೆ ಅಷ್ಟು ಬದಲಾಗಲ್ಲ, ಐದು ಸುತ್ತಿಗೆ ಅರ್ಧ ನಿಮಿಷ ಆಚೀಚೆ ಆಗ್ಬೋದು. ಒಂದು ಸುತ್ತು ತಪ್ಪಿದ್ರೆ ಮಾತ್ರ ಮೂರೂವರೆ ನಿಮಿಷ ಒಟ್ಟಿಗೆ ಹಾರುತ್ತೆ, ಕಣ್ಣಿಗೆ ಹೊಡೆಯುತ್ತೆ.

ಒಂದು ಸಂಜೆ ನಡೆದಿದ್ದು ಹೇಳ್ತೀನಿ. ಮೇಷ್ಟ್ರೂ ನಾನೂ ಬೇವಿನ ಮರದ ಹತ್ರ ಒಟ್ಟಿಗೇ ಶುರು ಮಾಡಿದ್ವಿ, ನಾನು ಈ ಕಡೆ ಅವರು ಆ ಕಡೆ. ನನ್ನ ಹದಿನೇಳು ಬೀಜ ಮುಗಿಯೋ ಹೊತ್ತಿಗೆ ಅವರೂ ಮರದ ಹತ್ರ ಬಂದ್ರು. ಮುಗೀತು ಸಾರ್ ಹದಿನೇಳು ಅಂದೆ. "ನಿಂದು ಹದಿನಾರು" ಅಂದ್ರು. ನನ್ನ ಜೇಬು ಅವರಿಗೆ ಹೆಂಗೆ ಗೊತ್ತು? ಅವರು ಹೇಳಿದ್ದು ಇಷ್ಟೇ, ಇಬ್ರು ಎದುರುಬದ್ರು ನಡೆದ್ರೆ ಪ್ರತಿ ಸಲ ಎದುರಾಗೋ ಹೊತ್ತಿಗೆ ಇಬ್ರದ್ದೂ ಸೇರಿ ಒಂದು ಪೂರ್ತಿ ಸುತ್ತು ಆಗಿರುತ್ತೆ. ಅವನು ಮುಕ್ಕಾಲು ನಡೆದಿದ್ರೆ ಇವನು ಕಾಲು, ಕೂಡಿದ್ರೆ ಒಂದು. ಹಂಗಾಗಿ ಎಷ್ಟು ಸಲ ಎದುರಾದ್ವೋ ಅಷ್ಟು ಇಬ್ರ ಸುತ್ತುಗಳ ಮೊತ್ತ. "ಈಗಿಂದು ಸೇರಿ ಇಪ್ಪತ್ತೈದು ಸಲ ನಿನ್ನ ಮುಖ ನೋಡಿದೀನಿ, ನಂದು ಒಂಬತ್ತು, ಕಳ್ಕೋ."

ನಾನು ಗಡಿಯಾರದಲ್ಲಿ ಐದೈದರ ಟೈಮ್ ತೆಗೆದೆ. ಮೊದಲನೇ ಐದು 17:40. ಎರಡನೇ ಐದು 14:10. ಮೂರನೇದು 17:55. ನಡುವಿಂದು ನೋಡಿ, ಅಷ್ಟು ಬೇಗ ಐದು ಸುತ್ತು ನಾನು ಓಡಿದ್ರೆ ಮಾತ್ರ ಆಗೋದು, ನಡೆದಿದ್ರೆ ಅದು ನಾಲ್ಕೇ. ಆಗ ನೆನಪಾಯ್ತು, ಎಂಟೋ ಒಂಬತ್ತೋ ಆಗುವಾಗ ಶಿಫ್ಟ್ ಇನ್‌ಚಾರ್ಜ್ ಫೋನ್ ಬಂದಿತ್ತು, ರಾತ್ರಿ ಒಬ್ಬ ರಜಾ ಹಾಕಿದಾನೆ ಬೇಗ ಬಾ ಅಂತ, ಮಾತಾಡ್ತಾ ಮಾತಾಡ್ತಾ ಎರಡು ಬೀಜ ಹಾಕಿದೀನಿ. ಇನ್ನೊಂದು ಸುತ್ತು ಹಾಕ್ಬಿಟ್ಟು ಬರ್ತೀನಿ ಸಾರ್ ಅಂತ ಹೊರಟೆ. ಮೇಷ್ಟ್ರು ಖುಷಿಯಾಗಿ ಬೆಂಚ್ ಮೇಲೆ ಕೂತ್ರು.

ಅದೇ ಬೆಂಚ್ ಮೇಲೆ ಇನ್ನೊಂದಿನ ಹೊರಗಡೆ ಅಂಚಲ್ಲಿ ನಡೆಯೋ ವಿಷ್ಯಾನೂ ಬಂತು. ಸಂಜೆ ಜನ ಜಾಸ್ತಿ, ಒಳಗಡೆ ಹೆಂಗಸ್ರು ಮೂರ್ಮೂರು ಜನ ಸಾಲಾಗಿ ಹೋಗ್ತಾರೆ, ನಾನು ಹೊರಗಡೆ ಅಂಚಿಗೆ ಹೋಗ್ತೀನಿ. ಎಷ್ಟು ಜಾಸ್ತಿ ಆಗುತ್ತೆ ಸಾರ್ ಅಂದ್ರೆ, ಒಂದು ಮೀಟ್ರು ಹೊರಗೆ ಸರಿದ್ರೆ ಸುತ್ತಿಗೆ 6.28 ಮೀಟ್ರು, ಪಾರ್ಕ್ ಚಿಕ್ಕದಾದ್ರೂ ಅಷ್ಟೇ, ಇಡೀ ಹೊಸೂರು ಸುತ್ತಿದ್ರೂ ಅಷ್ಟೇ ಅಂದ್ರು. ನಾನು ನಂಬ್ಲಿಲ್ಲ. ನೇರ ದಾರೀಲಿ ಒಳಗೂ ಹೊರಗೂ ಉದ್ದ ಒಂದೇ ತಾನೇ, ವ್ಯತ್ಯಾಸ ಬರೋದು ತಿರುವಲ್ಲಿ ಮಾತ್ರ, ನಾಲ್ಕು ತಿರುವೂ ಸೇರಿ ಒಂದು ವೃತ್ತ, ಅದ್ರ ತ್ರಿಜ್ಯ ಒಂದು ಮೀಟ್ರು ಜಾಸ್ತಿ ಆದ್ರೆ ಸುತ್ತಳತೆ ಎರಡು ಪೈ ಜಾಸ್ತಿ, ಅಷ್ಟೇ ಕಣಪ್ಪ ಅಂತ ಮಣ್ಣಲ್ಲಿ ಕಡ್ಡೀಲಿ ಬರೆದು ತೋರ್ಸಿದ್ರು. ನಾನು ಸುಮಾರು 1.8 ಮೀಟ್ರು ಹೊರಗೆ ನಡೀತೀನಿ, ಹದಿನೇಳು ಸುತ್ತಿಗೆ 190 ಮೀಟ್ರು ಜಾಸ್ತಿ. ಅದನ್ನ ನಾನು ಲೆಕ್ಕಕ್ಕೆ ಹಿಡಿಯಲ್ಲ, ಹಿಂದಿನ ಸಾಲ ತೀರ್ಲಿ ಅಂತ ಬಿಟ್ಟಿದೀನಿ.

ಸಂಜೆ ನಡೆಯಕ್ಕೆ ಯಾಕೆ ಹೋದೆ ಅಂತನೂ ಹೇಳ್ಬೇಕು. ಬೆಳಗ್ಗೆ ಆರೂವರೆಯಿಂದ ಏಳೂವರೆವರೆಗೆ ಬಿಸಿಲಲ್ಲಿ ನಡೆದು ಮನೆಗೆ ಹೋಗಿ ಮಲಗಿದ್ರೆ ಹತ್ತು ಗಂಟೆವರೆಗೂ ನಿದ್ದೆ ಬರ್ತಿರ್ಲಿಲ್ಲ. ಕಣ್ಣಿಗೆ ಬೆಳಗಿನ ಬೆಳಕು ಬಿದ್ರೆ ಮೈ ಇದು ಎದ್ದೇಳೋ ಹೊತ್ತು ಅಂತ ತೀರ್ಮಾನ ಮಾಡ್ಬಿಡುತ್ತೆ, ನಾವು ರಾತ್ರಿಯೆಲ್ಲಾ ಎದ್ದಿದ್ವಿ ಅಂತ ಅದಕ್ಕೆ ಹೇಳಿದ್ರೆ ಕೇಳಲ್ಲ. ಈಗ ಥರ್ಡ್ ಶಿಫ್ಟ್ ವಾರ ಟೋಪಿ, ಕೂಲಿಂಗ್ ಗ್ಲಾಸು ಹಾಕ್ಕೊಂಡು ನೇರ ಮನೆಗೆ, ಕರ್ಟನ್ ಎಳೆದು ಮಲಗಿ, ಸಂಜೆ ಆರಕ್ಕೆ ಪಾರ್ಕು. ಎಣಿಕೆಗೂ ಅದೇ ಒಳ್ಳೇದಾಯ್ತು. ಹೆಜ್ಜೇನೂ ಒಂದ್ಸಲ ಎಣಿಸಿ ನೋಡಿದ್ದೆ, ನಿದ್ದೆ ಆದ ಮೇಲೆ ಒಂದು ಸುತ್ತಿಗೆ 415 ಹೆಜ್ಜೆ, ನೈಟ್ ಮುಗಿಸಿ ಬಂದ ಬೆಳಗ್ಗೆ 452. ಕಾಲು ಎಳ್ಕೊಂಡು ನಡೀತೀವಿ, ಹೆಜ್ಜೆ ಗಿಡ್ಡ ಆಗುತ್ತೆ. ಹೆಜ್ಜೆ ಎಣಿಸೋ ಫೋನಿಗೆ ನಾನು ಸುಸ್ತಾದ ದಿನವೇ ಹೆಚ್ಚು ನಡೆದಂಗೆ ಕಾಣುತ್ತೆ. ಎಲ್ಲರೂ ಹತ್ತು ಸಾವಿರ ಹೆಜ್ಜೆ ಅಂತಾರಲ್ಲ, ಅದು 1965ರಲ್ಲಿ ಜಪಾನಲ್ಲಿ ಮಾರಾಟಕ್ಕೆ ಬಂದ ಒಂದು ಹೆಜ್ಜೆ ಎಣಿಸೋ ಮಿಷನ್ನಿನ ಹೆಸ್ರಿಂದ ಬಂದಿದ್ದು, ಮಾಂಪೊಕೇಯ್ ಅಂತ, ಹತ್ತು ಸಾವಿರ ಹೆಜ್ಜೆ ಮೀಟ್ರು ಅಂತ ಅರ್ಥ. ನನ್ನ ಹದಿನಾಲ್ಕು ಸುತ್ತಿನ ಅಣ್ಣ ಅದು.

ಫೋನಿನ ಇನ್ನೊಂದು ಕಾಟ ಅಂದ್ರೆ ರಾತ್ರಿ ಹನ್ನೆರಡು. ಅದಕ್ಕೆ ಹನ್ನೆರಡಕ್ಕೆ ದಿನ ಬದಲಾಗುತ್ತೆ, ಆಗ ನಾನು ಶಿಫ್ಟ್ ನಡುವೆ ಗೇಜ್ ಹಿಡ್ಕೊಂಡು ನಿಂತಿರ್ತೀನಿ. ಶುಕ್ರವಾರ ಸಂಜೆ ನಡೆದೆ, ಶನಿವಾರ ಬೆಳಗ್ಗೆ ಶಿಫ್ಟ್ ಮುಗೀತು, ಸೋಮವಾರದಿಂದ ಫಸ್ಟ್ ಶಿಫ್ಟ್ ಅಂತ ಶನಿವಾರ ರಾತ್ರಿ ಮಲಗೋದು ಅಭ್ಯಾಸ ಮಾಡ್ಬೇಕು, ಹಿಂಗೆ ವಾರ ತಿರುಗುವಾಗ ಒಂದು ದಿನಕ್ಕೆ ಎರಡು ನಡಿಗೆ ಬೀಳುತ್ತೆ, ಇನ್ನೊಂದು ದಿನಕ್ಕೆ ಸೊನ್ನೆ. ಆಪ್ ಅದಕ್ಕೆ ಸಪ್ಪೆ ಮುಖದ ಗೊಂಬೆ ತೋರ್ಸುತ್ತೆ. ಇದನ್ನ ಅಮ್ಮನ ಹತ್ರ ಗೊಣಗಿದ್ರೆ ಅಮ್ಮ, ಅದ್ಯಾರು ಹೇಳಿದ್ದು ಹನ್ನೆರಡಕ್ಕೆ ದಿನ ಬದಲಾಗುತ್ತೆ ಅಂತ, ಪಂಚಾಂಗದಲ್ಲಿ ವಾರ ಶುರು ಆಗೋದು ಸೂರ್ಯ ಹುಟ್ಟಿದ ಮೇಲೆ ಅಂದ್ರು. ನೋಡಿದ್ರೆ ನನಗೆ ಹೇಳಿ ಮಾಡಿಸ್ದಂಗಿದೆ! ನಂದು ಶಿಫ್ಟ್ ಮುಗಿಯೋದು ಆರಕ್ಕೆ, ಹೊತ್ತು ಹುಟ್ಟೋದೂ ಆಸುಪಾಸಲ್ಲೇ. ಅವತ್ತಿಂದ ಆಪ್ ತೆಗೆದಾಕಿ ಒಂದು ಚಿಕ್ಕ ನೋಟ್‌ಬುಕ್ ಇಟ್ಟೆ. ಹೊತ್ತು ಹುಟ್ಟಿದಾಗಿಂದ ಮಾರನೇ ಹೊತ್ತು ಹುಟ್ಟೋವರೆಗೆ ಒಂದು ಸಾಲು, ಅದ್ರಲ್ಲಿ ಐದು, ಹತ್ತು, ಹದಿನೈದನೇ ಸುತ್ತಿನ ಟೈಮು.

ಆರು ವಾರ ಯಾವ ತೊಂದ್ರೆನೂ ಇಲ್ದೆ ನಡೀತು. ಐದೈದರ ಟೈಮೆಲ್ಲಾ ಒಂದಕ್ಕೊಂದು ಹೊಂದ್ಕೊಂಡು ಬರ್ತಿತ್ತು, ನನಗೆ ಸ್ವಲ್ಪ ಜಂಭಾನೂ ಬಂದಿತ್ತು, ಲೈನಲ್ಲಿ ಇರೋ ಹುಡುಗ್ರಿಗೆಲ್ಲಾ ಹೇಳ್ಕೊಂಡು ತಿರುಗ್ತಿದ್ದೆ.

ಹೋದ ಭಾನುವಾರ ಮಧ್ಯಾಹ್ನ ಹೆಂಡ್ತಿ ಬಂದು ಕೈ ಮುಂದೆ ಮಾಡಿದ್ಳು. "ರೀ, ಇದೊಂದು ವಾಷಿಂಗ್ ಮಿಷನ್ನಲ್ಲಿ ಸಿಕ್ತು." ಹುಣಸೆ ಬೀಜ. ಮಿಷನ್ನಲ್ಲಿ ತಿರುಗಿ ತಿರುಗಿ ಪಾಲಿಶ್ ಹೊಡೆದಂಗೆ ಹೊಳೀತಿತ್ತು. ಎದ್ದು ಹೋಗಿ ಗೂಟಕ್ಕೆ ನೇತಾಕಿದ್ದ ಟ್ರ್ಯಾಕ್ ಪ್ಯಾಂಟ್ ಜೇಬಿಂದ ಬೀಜ ತೆಗೆದು ಎಣಿಸ್ದೆ. ಹದಿನಾರು.

ಯಾವತ್ತಿಂದ ಹದಿನಾರು? ನೋಟ್‌ಬುಕ್ ತೆಗೆದೆ. ಎಲ್ಲಾ ಸಾಲೂ ಸರಿಯಾಗಿದೆ, 17:30, 17:45, 17:40, ಒಂದು ಕಡೆನೂ ಹಾರಿಲ್ಲ. ಹಾರಕ್ಕೆ ಸಾಧ್ಯಾನೂ ಇಲ್ಲ, ನಾನು ಬರೀತಿದ್ದಿದ್ದು ಹದಿನೈದರವರೆಗೆ, ಕೊನೇ ಎರಡು ಸುತ್ತನ್ನ ಯಾವತ್ತೂ ಬರೆದಿಲ್ಲ, ಬೀಜ ಖಾಲಿ ಆಯ್ತು ಅಂದ್ರೆ ಟೀ ಅಂಗಡಿ ಕಡೆ ಹೋಗೋದೇ. ಕಾಣೆಯಾದ ಸುತ್ತು ಸರಿಯಾಗಿ ಆ ಎರಡರ ಒಳಗೆ ಕೂತಿದೆ. ಮೊದ್ಲು ಬೀಜ ಎಣಿಸ್ಕೊಂಡು ಹೊರಡ್ಬೇಕು ಅನ್ನೋದೂ ಹೊಳೆದಿರ್ಲಿಲ್ಲ ನನಗೆ.

"ಆ ನೀಲಿ ಪ್ಯಾಂಟು ಯಾವಾಗ ಒಗೆಯಕ್ಕೆ ಹಾಕಿದ್ದು?" ಅಂತ ಕೇಳ್ದೆ.

"ಗುರುವಾರ ಬೆಳಗ್ಗೆ ಬುಟ್ಟಿಗೆ ಹಾಕಿದ್ರಿ. ಒಗೆದಿದ್ದು ಇವತ್ತು. ಯಾಕೆ?"

ಗುರುವಾರ, ಶುಕ್ರವಾರ, ಶನಿವಾರ. ಮೂರು ಸುತ್ತು, 870 ಮೀಟ್ರು. ಸಂಜೆ ಬೀಜ ಎಲ್ಲಾ ಟೀಪಾಯಿ ಮೇಲೆ ಸುರ್ಕೊಂಡು ಹದಿನೇಳು ಎಣಿಸಿ ಜೇಬಿಗೆ ಹಾಕ್ದೆ, ಅಡುಗೆಮನೆ ಡಬ್ಬಿಯಿಂದ ಇನ್ನೂ ಮೂರು ತಗೊಂಡೆ. ಗೇಟ್ ಹತ್ರ ವಾಚ್‌ಮನ್ ಅಣ್ಣ ಇದ್ದ.

"ಇವತ್ತು ಎತ್ತನೆ ಸಾರ್, ಪದಿನೇಳಾ?"

"ಇಪ್ಪತ್ತಣ್ಣ" ಅಂದೆ.